ಖಾಕಿ ಜೇಬಿನ ಕಾಗದ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನಿನ್ನ ಕಥೆ ಬಂತು. ಮೊದಲ ಸಲ ಕಥೆ ಅಂತ ಓದಿದೆ. ಎರಡನೇ ಸಲ ಡಿಪೋದ ಟಿಕೆಟ್ ಸೆಕ್ಷನ್ನಿನಲ್ಲಿ ಕೂತು, ಕಂಡಕ್ಟರ್ ಟಿಕೆಟ್ ಲೆಕ್ಕ ಬರೆಯುವ ವೇ ಬಿಲ್ ತಾಳೆ ನೋಡುವವಳ ಕಣ್ಣಿನಿಂದ ಓದಿದೆ. ನೀನು ಕೇಳಿದ್ದೂ ಅದನ್ನೇ ಅಲ್ಲವಾ, ಕಂಡಕ್ಟರ್ ಕೆಲಸ ಗೊತ್ತಿರುವವರು ಓದಿದರೆ ಎಲ್ಲಿ ಎಡವುತ್ತಾರೆ ಅಂತ.

ನಿನ್ನ ಕಥೆಯಲ್ಲಿ ನಿವೃತ್ತ ಕಂಡಕ್ಟರ್ ಶಿವಣ್ಣ 2019ರಲ್ಲಿ ಟ್ರಂಕು ಖಾಲಿ ಮಾಡುವಾಗ ಹಳೆಯ ಖಾಕಿ ಷರಟಿನ ಜೇಬಿನಲ್ಲಿ ಅಂಚೆಗೆ ಹಾಕದ ಕಾಗದ ಸಿಗುತ್ತದೆ. 1994ರ ಡಿಸೆಂಬರಿನಲ್ಲಿ, ಕಾಫಿ ಕೊಯ್ಲಿನ ಕಾಲಕ್ಕೆ, ಸಕಲೇಶಪುರದ ಆಚೆಯ ಹಳ್ಳಿಯ ಹೆಂಗಸೊಬ್ಬಳು ಬೆಂಗಳೂರಿನ ಹೋಟೆಲಿನಲ್ಲಿದ್ದ ಮಗನಿಗೆ ಬರೆಸಿ, ಡಬ್ಬಿಗೆ ಹಾಕಿ ಅಂತ ಕೊಟ್ಟ ಕಾಗದ. ಅದನ್ನು ಶಿವಣ್ಣನದೇ ಹಳೆಯ ಪ್ರೇಮಪತ್ರ ಮಾಡದೆ ಇನ್ನೊಬ್ಬರು ನಂಬಿ ಕೊಟ್ಟದ್ದು ಮಾಡಿದ್ದು ಸರಿಯಾಯಿತು. ನೈಟ್ ಹಾಲ್ಟ್ ಬಸ್ಸು ಹೋಗುವ ಊರುಗಳಲ್ಲಿ ಔಷಧಿ ಚೀಟಿ, ಕಾಗದ, ಪೇಟೆಯ ಅಣ್ಣನಿಗೆ ಹೇಳಬೇಕಾದ ಮಾತು ಎಲ್ಲ ಕಂಡಕ್ಟರ್ ಕೈಗೇ ಬರುತ್ತವೆ. ಇದನ್ನು ನೀನು ವಿವರಿಸುವ ಅಗತ್ಯವೂ ಇಲ್ಲ, ಓದುವವರಿಗೆ ಗೊತ್ತು.

ಆದರೆ ಕಥೆಯ ಬುಡದಲ್ಲೇ ಒಂದು ತೂತಿದೆ. ಷರಟನ್ನು ಒಗೆಯುತ್ತಾರೆ ಪುಟ್ಟಿ. ಕಂಡಕ್ಟರ್ ಷರಟು ದಿನವಿಡೀ ಬೆವರು, ಧೂಳು, ಜನರ ತಿಕ್ಕಾಟ ತಿಂದಿರುತ್ತದೆ. ಒಂದು ಮೈಮೇಲಿದ್ದರೆ ಇನ್ನೊಂದು ತಂತಿಯ ಮೇಲೆ. ಜೇಬಿನಲ್ಲಿ ಕಾಗದ ಉಳಿದಿದ್ದರೆ ಅದು ಮಾರನೆಯ ದಿನವೇ ಕಲ್ಲಿನ ಮೇಲೆ ಮುದ್ದೆಯಾಗಬೇಕು. ಹೆಂಡತಿ ಜೇಬು ನೋಡದೆ ನೆನೆಹಾಕುವುದೂ ಇಲ್ಲ, ಚಿಲ್ಲರೆ ಸಿಗುವ ಜೇಬು ಅದು. ಹಾಗಾಗಿ ನಿನ್ನ ಕಥೆ ನಿಜವಾಗಿ ಉತ್ತರಿಸಬೇಕಾದ ಪ್ರಶ್ನೆ ‘ಕಾಗದದಲ್ಲಿ ಏನಿತ್ತು’ ಅನ್ನುವುದಲ್ಲ. ಆ ಷರಟು ಆ ದಿನದ ನಂತರ ಯಾಕೆ ನೀರಿಗೆ ಬೀಳಲಿಲ್ಲ ಅನ್ನುವುದು. ಅದಕ್ಕೆ ಉತ್ತರ ಸಿಕ್ಕರೆ ಕಾಗದ ಯಾಕೆ ಡಬ್ಬಿಗೆ ಬೀಳಲಿಲ್ಲ ಅನ್ನುವುದಕ್ಕೂ ಅಲ್ಲೇ ಉತ್ತರ ಸಿಗುತ್ತದೆ. ‘ಮರೆತುಬಿಟ್ಟ’ ಅಂತ ನೀನು ಬರೆದಿರುವುದು ಸಾಲದು. ಮರೆಯುವುದಕ್ಕೂ ಒಂದು ದಾರಿ ಬೇಕು.

ನನಗೆ ಹೊಳೆದದ್ದು ಗ್ರೀಸು. ಬೆಳಗಿನ ಟ್ರಿಪ್ಪಿನಲ್ಲಿ ಹಾಸನಕ್ಕೆ ಬರುವ ದಾರಿಯಲ್ಲಿ ಹಿಂದಿನ ಚಕ್ರ ಪಂಕ್ಚರ್ ಆಗಲಿ. ಸ್ಟೆಪ್ನಿ ಇಳಿಸುವುದು ಡ್ರೈವರ್ ಒಬ್ಬನ ಕೈಲಾಗುವ ಕೆಲಸವಲ್ಲ. ಕಂಡಕ್ಟರ್ ಚಕ್ರಕ್ಕೆ ಕಲ್ಲು ಕೊಡಬೇಕು, ಜಾಕಿಯನ್ನು ಆಕ್ಸಲಿನ ಕೆಳಗೆ ತಳ್ಳಬೇಕು, ಸ್ಪ್ಯಾನರಿನ ಮೇಲೆ ನಿಂತು ನಟ್ಟು ಸಡಿಲಿಸಬೇಕು. ನಟ್ಟನ್ನು ಜಾಕಿ ಏರಿಸುವ ಮೊದಲೇ ಸಡಿಲಿಸುತ್ತಾರೆ, ಚಕ್ರ ನೆಲ ಬಿಟ್ಟ ಮೇಲೆ ಅದು ಸ್ಪ್ಯಾನರಿನ ಜೊತೆಗೇ ತಿರುಗುತ್ತದೆ. ನೀನು ಈ ದೃಶ್ಯ ಬರೆದರೆ ಈ ಕ್ರಮ ತಪ್ಪಿಸಬೇಡ. ಜಾಕಿ ತಳ್ಳಲು ಬಗ್ಗಿ ಮಲಗಿದಾಗ ಎದೆಯ ಎಡಭಾಗ ಸ್ಪ್ರಿಂಗ್ ಪ್ಲೇಟಿಗೆ ಒರೆಸುತ್ತದೆ. ಮಣ್ಣು ಕೂಡಿದ ಕಪ್ಪು ಗ್ರೀಸು ಸೀದಾ ಜೇಬಿನ ಮೇಲೆ.

ಗ್ರೀಸು ಹತ್ತಿದ ಬಟ್ಟೆಯನ್ನು ಬೇರೆ ಬಟ್ಟೆಯ ಜೊತೆ ಯಾರೂ ನೆನೆಹಾಕುವುದಿಲ್ಲ, ಕಲೆ ಎಲ್ಲದಕ್ಕೂ ಹರಡುತ್ತದೆ. ಮೊದಲು ಸೀಮೆಎಣ್ಣೆಯಲ್ಲಿ ಒರೆಸಿ, ಆಮೇಲೆ ಸೋಪು ಹಾಕಬೇಕು. ರೇಷನ್ನಿನ ಸೀಮೆಎಣ್ಣೆ ಸ್ಟೌಗೇ ಸಾಲದ ಮನೆಯಲ್ಲಿ ಆ ಷರಟು ‘ಆಮೇಲೆ ನೋಡೋಣ’ ಅಂತ ಮೂಲೆ ಸೇರುತ್ತದೆ. ಅದೇ ಹೊತ್ತಿಗೆ ಹೊಸ ಯೂನಿಫಾರಂ ಬಟ್ಟೆ ಬಂದು ದರ್ಜಿಯ ಹತ್ತಿರ ಹೋಗಲಿ. ಹಳೆಯದು ಒರೆಸುವ ಬಟ್ಟೆಗಾಯಿತು ಅಂತ ಟ್ರಂಕಿನ ತಳಕ್ಕೆ. ಕಪ್ಪಾದ ಜೇಬಿಗೆ ಯಾರೂ ಕೈ ಹಾಕುವುದಿಲ್ಲ. ಇಷ್ಟೂ ಎರಡೇ ವಾಕ್ಯದಲ್ಲಿ ಬಂದರೂ ಸಾಕು, ಕಥೆ ಅದರ ಮೇಲೆ ನಿಲ್ಲುತ್ತದೆ.

ಈಗ ಆ ಜೇಬಿನಲ್ಲಿ ಕಾಗದದ ಜೊತೆ ನೀನು ಇಟ್ಟಿರುವುದನ್ನು ನೋಡೋಣ. ‘ಬಣ್ಣ ಮಾಸಿದ ನಾಲ್ಕಾರು ಬಸ್ ಟಿಕೆಟುಗಳು’ ಅಂತ ಬರೆದಿದ್ದೀ. ಓದಲು ಚೆಂದ, ಆದರೆ ಆ ಒಂದು ಸಾಲು ಶಿವಣ್ಣನನ್ನು ಕಳ್ಳನನ್ನಾಗಿ ಮಾಡುತ್ತದೆ. ಟಿಕೆಟ್ ಅಂದರೆ ಹಣವೇ. ಪ್ರತಿ ದರದ ಟಿಕೆಟ್ಟಿಗೂ ಕಟ್ಟು, ಪ್ರತಿ ಕಟ್ಟಿಗೂ ಕ್ರಮಸಂಖ್ಯೆ. ಕಂಡಕ್ಟರ್ ಜೇಬಿನಲ್ಲಿ ಬಿಡಿ ಟಿಕೆಟ್ ಸಿಕ್ಕಿದರೆ ಚೆಕಿಂಗ್‌ನವರಿಗೆ ಅದರ ಅರ್ಥ ಒಂದೇ: ಇಳಿದು ಹೋದವರಿಂದ ಟಿಕೆಟ್ ವಾಪಸ್ ಪಡೆದು ಇನ್ನೊಬ್ಬರಿಗೆ ಮಾರುತ್ತಿದ್ದಾನೆ. ನೇರವಂತ ಕಂಡಕ್ಟರ್ ಸೀಟಿನ ಕೆಳಗೆ ಬಿದ್ದ ಟಿಕೆಟನ್ನೂ ಎತ್ತಿಕೊಳ್ಳುವುದಿಲ್ಲ. ಇನ್ನೊಂದು ಕಡೆ ‘ಹಳೆಯ ವೇ ಬಿಲ್’ ಸಿಕ್ಕಿತು ಅಂತಲೂ ಬರೆದಿದ್ದೀ. ವೇ ಬಿಲ್ ಕಂಡಕ್ಟರನ ಸ್ವತ್ತಲ್ಲ. ಡ್ಯೂಟಿ ಮುಗಿದಾಗ ಟಿಕೆಟ್ ಕಟ್ಟು ಜೋಡಿಸುವ ಟ್ರೇ, ಉಳಿದ ಟಿಕೆಟ್, ಹಣದ ಜೊತೆ ಅದನ್ನೂ ಒಪ್ಪಿಸಿಯೇ ಮನೆಗೆ ಹೋಗಬೇಕು. ಅದೂ ಜೇಬಿನಲ್ಲಿ ಇರುವುದಿಲ್ಲ.

ಇರಬಹುದಾದದ್ದು ಏನು? ಟಿಕೆಟ್ ಕಟ್ಟಿಗೆ ಹಾಕುವ ರಬ್ಬರ್ ಬ್ಯಾಂಡು, ಇಪ್ಪತ್ತೈದು ವರ್ಷದಲ್ಲಿ ಅಂಟಾಗಿ ಬಟ್ಟೆಗೆ ಹಿಡಿದುಕೊಂಡದ್ದು. ರೀಫಿಲ್ ಒಣಗಿದ ಪೆನ್ನು. ಚೆಕಿಂಗ್‌ನಲ್ಲಿ ಹಣ ಎಣಿಸುವಾಗ ಕೂಡಿ ಕಳೆದು ಗೀಚಿಕೊಂಡ ಒಂದು ತುಂಡು ಹಾಳೆ. ಈ ಕೊನೆಯದನ್ನು ಇಟ್ಟುಕೋ, ಅದೇ ಕಥೆಯ ಬೀಗದ ಕೈ. ಯಾಕೆ ಅಂತ ಹೇಳುತ್ತೇನೆ.

ನಿನ್ನ ಕಥೆಯಲ್ಲಿ ಹೆಂಗಸು ಸ್ಟ್ಯಾಂಪ್ ಅಂಟಿಸಿದ ಕವರು ಕೊಡುತ್ತಾಳೆ. ಹಾಗಿದ್ದರೆ ಶಿವಣ್ಣನಿಗೆ ಕ್ಷಮೆಯೇ ಇಲ್ಲ. ಬಸ್ ಸ್ಟ್ಯಾಂಡಿನ ಕೆಂಪು ಡಬ್ಬಿಗೆ ಹಾಕಲು ಎಷ್ಟು ಹೊತ್ತು ಬೇಕು? ಅದಕ್ಕೇ ಸ್ಟ್ಯಾಂಪ್ ಇಲ್ಲದ ಸಾದಾ ಕವರು ಕೊಡಲಿ, ಜೊತೆಗೆ ಸ್ಟ್ಯಾಂಪಿಗೆ ಅಂತ ಒಂದು ರೂಪಾಯಿ. 1994ರಲ್ಲಿ ಸಾಧಾರಣ ಕವರಿಗೆ ಒಂದು ರೂಪಾಯಿಯ ಸ್ಟ್ಯಾಂಪೇ ಹಚ್ಚುತ್ತಿದ್ದದ್ದು. ಸ್ಟ್ಯಾಂಪಿಲ್ಲದೆ ಡಬ್ಬಿಗೆ ಹಾಕಿದರೂ ಕಾಗದ ಹೋಗುತ್ತದೆ, ಆದರೆ ಪಡೆಯುವವನು ಎರಡರಷ್ಟು ತೆರಬೇಕು. ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗನ ಮುಂದೆ ಪೋಸ್ಟ್‌ಮ್ಯಾನ್ ಎರಡು ರೂಪಾಯಿ ಕೇಳಿ ನಿಂತರೆ ಅವನು ಕಾಗದ ಬೇಡ ಅನ್ನಲೂಬಹುದು. ಶಿವಣ್ಣನಿಗೆ ಇದು ಗೊತ್ತು. ಆದ್ದರಿಂದ ಹಾಸನದಲ್ಲಿ ಅಂಚೆ ಕಚೇರಿಗೆ ಹೋಗಿ ಸ್ಟ್ಯಾಂಪ್ ಕೊಂಡು ಹಚ್ಚಿಯೇ ಹಾಕಬೇಕು ಅಂತ ಜೇಬಿನಲ್ಲಿ ಇಟ್ಟುಕೊಳ್ಳುತ್ತಾನೆ. ಒಳ್ಳೆಯತನದಿಂದಲೇ ಕಾಗದ ತಡವಾಗುತ್ತದೆ. ಇದು ಮರೆವಿಗಿಂತ ಎಷ್ಟೋ ಮೇಲು.

ಆ ರೂಪಾಯಿ ಎಲ್ಲಿ ಹೋಯಿತು? ಪಂಕ್ಚರ್ ಆಗುವ ಮೊದಲು, ಸಕಲೇಶಪುರ ದಾಟಿದ ಮೇಲೆ, ಚೆಕಿಂಗ್ ಹತ್ತಲಿ. ಚೆಕಿಂಗ್ ಅಂದರೆ ಕೂಗಾಟ, ಅವಮಾನ ಅಂತ ನೀನು ಬರೆದಿದ್ದೀ. ಬಹಳ ಸಲ ಅದು ಮೌನವಾದ ಲೆಕ್ಕ. ಒಬ್ಬರು ಹಿಂದಿನಿಂದ ತಲೆ ಎಣಿಸುತ್ತ, ಟಿಕೆಟ್ ನೋಡುತ್ತ ಬರುತ್ತಾರೆ. ಇನ್ನೊಬ್ಬರು ಕಂಡಕ್ಟರನ ಟ್ರೇ ಮತ್ತು ವೇ ಬಿಲ್ ಹಿಡಿಯುತ್ತಾರೆ. ಪ್ರತಿ ಸ್ಟೇಜಿನಲ್ಲೂ ಪ್ರತಿ ದರದ ಕಟ್ಟಿನಲ್ಲಿ ಮುಂದೆ ಹರಿಯಬೇಕಾದ ಟಿಕೆಟ್ಟಿನ ಸಂಖ್ಯೆಯನ್ನು ವೇ ಬಿಲ್ಲಿನಲ್ಲಿ ಬರೆದಿರಬೇಕು. ಶುರುವಿನ ಸಂಖ್ಯೆಯನ್ನು ಈಗಿನ ಸಂಖ್ಯೆಯಿಂದ ಕಳೆದರೆ ಮಾರಿದ್ದೆಷ್ಟು ಅಂತ ಸಿಗುತ್ತದೆ.

ನಿನ್ನ ಕಥೆಗೆ ಒಂದು ಲೆಕ್ಕ ಹಾಕಿಕೊಡುತ್ತೇನೆ, ಹಾಗೇ ಬಳಸು. ಐವತ್ತು ಪೈಸೆಯ ಕಟ್ಟು 218ರಿಂದ ಶುರುವಾಗಿ 246ಕ್ಕೆ ಬಂದಿದೆ, 28 ಟಿಕೆಟ್, 14 ರೂಪಾಯಿ. ಒಂದು ರೂಪಾಯಿಯದು 640ರಿಂದ 671, ಅಂದರೆ 31 ರೂಪಾಯಿ. ಎರಡು ರೂಪಾಯಿಯದು 105ರಿಂದ 127, 22 ಟಿಕೆಟ್, 44 ರೂಪಾಯಿ. ಐದು ರೂಪಾಯಿಯದು 380ರಿಂದ 389, ಒಂಬತ್ತು ಟಿಕೆಟ್, 45 ರೂಪಾಯಿ. ಒಟ್ಟು 134. ಡ್ಯೂಟಿ ಹತ್ತುವಾಗ ಕಂಡಕ್ಟರ್ ತನ್ನ ಸ್ವಂತ ಹಣ ಎಷ್ಟಿದೆ ಅಂತ ವೇ ಬಿಲ್ಲಿನಲ್ಲಿ ಬರೆದಿರಬೇಕು. ಶಿವಣ್ಣ 10 ರೂಪಾಯಿ ಬರೆದಿದ್ದಾನೆ. ಚೀಲದಲ್ಲೂ ಜೇಬಿನಲ್ಲೂ ಸೇರಿ 144 ಇರಬೇಕು. ಎಣಿಸಿದರೆ 145.

ಒಂದು ರೂಪಾಯಿ ಹೆಚ್ಚು. ಇದನ್ನು ದೊಡ್ಡದು ಮಾಡಬೇಡ. ಸಸ್ಪೆಂಡ್, ವಿಚಾರಣೆ, ಕೋರ್ಟು ಅಂತ ಹೋದರೆ ಗೊತ್ತಿದ್ದವರು ನಗುತ್ತಾರೆ. ಒಂದು ರೂಪಾಯಿ ಎಕ್ಸೆಸ್ ಬರುವುದು ದಿನನಿತ್ಯದ ಮಾತು, ಯಾರೋ ಚಿಲ್ಲರೆ ಇಸಿದುಕೊಳ್ಳದೆ ಇಳಿದಿರುತ್ತಾರೆ. ಕೊರತೆ ಬಂದರೆ ಕೈಯಿಂದ ಕಟ್ಟಬೇಕು, ಹೆಚ್ಚು ಬಂದರೆ ಅದು ಕ್ಯಾಷಿನ ಜೊತೆ ನಿಗಮಕ್ಕೆ. ‘ಇದು ಒಬ್ಬಮ್ಮನ ಸ್ಟ್ಯಾಂಪಿನ ದುಡ್ಡು ಸಾರ್’ ಅಂತ ಶಿವಣ್ಣ ಹೇಳಬಹುದಿತ್ತು. ಹೇಳುವುದಿಲ್ಲ. ಹೇಳಿದರೆ ಬರೆಯದ ಹಣ ಇಟ್ಟುಕೊಂಡಿದ್ದೆ ಅಂತ ತಾನೇ ಒಪ್ಪಿದ ಹಾಗಾಗುತ್ತದೆ. ಚೆಕಿಂಗ್‌ನವರು ಸಂಖ್ಯೆಗಳ ಕೆಳಗೆ ಇನಿಷಿಯಲ್ ಹಾಕಿ ಇಳಿಯುತ್ತಾರೆ. ಲೆಕ್ಕ ಗೀಚಿದ ತುಂಡು ಹಾಳೆ ಮಾತ್ರ ಶಿವಣ್ಣನ ಜೇಬು ಸೇರುತ್ತದೆ, ಕಾಗದದ ಪಕ್ಕಕ್ಕೆ. 2019ರಲ್ಲಿ ಅವನು ಅದರ ಮೇಲೆ ‘145’ ಮತ್ತು ‘144’ ಓದಿದಾಗಲೇ ಕಾಗದ ಯಾರದ್ದು, ಯಾವ ದಿನದ್ದು ಅಂತ ಹೊಳೆಯಬೇಕು. ನೀನು ಬಳಸಿರುವ ಮಲ್ಲಿಗೆ ಹೂವಿನ ಪರಿಮಳ ಇಪ್ಪತ್ತೈದು ವರ್ಷ ನಿಲ್ಲುವುದಿಲ್ಲ. ಸಂಖ್ಯೆ ನಿಲ್ಲುತ್ತದೆ.

ಆಮೇಲಿನದು ಸುಲಭ. ಪಂಕ್ಚರಿನಿಂದ ಹಾಸನಕ್ಕೆ ಒಂದು ಗಂಟೆ ತಡ. ಬಸ್ ಸ್ಟ್ಯಾಂಡಿನ ಟ್ರಾಫಿಕ್ ಕಂಟ್ರೋಲರ್ ಗಡಿಯಾರ ತೋರಿಸಿ ತಕ್ಷಣ ವಾಪಸ್ ಹೊರಡಿಸುತ್ತಾನೆ. ಡಿಪೋಗೆ ಬಂದು ಕ್ಯಾಷ್ ಕಟ್ಟುವಷ್ಟರಲ್ಲಿ ಅಂಚೆ ಕಚೇರಿಯ ಕೌಂಟರು ಮುಚ್ಚಿದೆ. ಮಾರನೇ ದಿನ ವೀಕ್ಲಿ ಆಫ್, ಅದರ ಮಾರನೇ ದಿನ ರೊಟೇಷನ್ನಿನಲ್ಲಿ ಬೇರೆ ಶೆಡ್ಯೂಲು. ಈ ಶೆಡ್ಯೂಲ್ ಬದಲಾವಣೆ ಮರೆಯಬೇಡ. ಅದೇ ರೂಟಿನಲ್ಲಿ ಉಳಿದಿದ್ದರೆ ಮುಂದಿನ ಸಲ ಆ ಹೆಂಗಸು ‘ಕಾಗದ ಹಾಕಿದ್ರಾ’ ಅಂತ ಕೇಳಿಯೇ ಕೇಳುತ್ತಿದ್ದಳು.

ಈಗ ಕಾಗದಕ್ಕೆ ಬರೋಣ. ನಿನ್ನ ಶಿವಣ್ಣ ಕವರು ಹರಿದು ಪೂರ್ತಿ ಓದಿಬಿಡುತ್ತಾನೆ, ಕಥೆಯ ಅರ್ಧ ಪುಟ ಆ ಕಾಗದದ ಒಕ್ಕಣೆಯೇ ಇದೆ. ಅದನ್ನು ತೆಗೆದುಹಾಕು. ಇಷ್ಟು ವರ್ಷ ಬೇರೆಯವರ ಗಂಟುಮೂಟೆ ಹೊತ್ತು ತಂದವನು ಕವರು ಒಡೆಯುವುದಿಲ್ಲ. ಒಡೆಯದೆಯೂ ಅವನಿಗೆ ಸ್ವಲ್ಪ ಕಾಣುವಂತೆ ಮಾಡಬಹುದು, ಆ ಕೆಲಸವನ್ನೂ ಗ್ರೀಸೇ ಮಾಡಿಕೊಡುತ್ತದೆ. ಗ್ರೀಸಿನ ಕಪ್ಪು ಬಟ್ಟೆಯಲ್ಲೇ ಉಳಿಯುತ್ತದೆ, ಅದರೊಳಗಿನ ಎಣ್ಣೆ ಮಾತ್ರ ನಿಧಾನಕ್ಕೆ ಕಾಗದಕ್ಕೆ ಹರಿಯುತ್ತದೆ. ಕಾಗದ ಬೆಳ್ಳಗೆ ಕಾಣುವುದು ಅದರ ನಾರುಗಳ ಸಂದಿಯ ಗಾಳಿ ಬೆಳಕನ್ನು ಚದುರಿಸುವುದರಿಂದ. ಎಣ್ಣೆ ಆ ಸಂದಿ ತುಂಬಿದರೆ ಬೆಳಕು ಹಾದುಹೋಗುತ್ತದೆ. ಬಜ್ಜಿ ಕಟ್ಟಿಕೊಟ್ಟ ಪೇಪರಿನಲ್ಲಿ ಹಿಂದಿನ ಪುಟದ ಸುದ್ದಿ ಕಾಣುತ್ತದಲ್ಲ, ಹಾಗೆ. ಕಿಟಕಿಯ ಬೆಳಕಿಗೆ ಹಿಡಿದರೆ ಎಣ್ಣೆ ಹರಡಿದಷ್ಟು ಜಾಗದಲ್ಲಿ ಒಳಗಿನ ಅಕ್ಷರ ಓದಬಹುದು.

ಇಲ್ಲಿ ಎರಡು ವಿಷಯ ಗಮನಿಸು. ಒಳಗಿನ ಕಾಗದವನ್ನು ಇಂಕ್ ಪೆನ್ನಿನಲ್ಲಿ ಬರೆಸು. ಬಾಲ್ ಪೆನ್ನಿನ ಶಾಯಿ ಎಣ್ಣೆಯಲ್ಲಿ ಕರಗಿ ನೇರಳೆ ಬಣ್ಣಕ್ಕೆ ಹರಡಿಕೊಳ್ಳುತ್ತದೆ, ಓದಲಾಗುವುದಿಲ್ಲ. ಇಂಕ್ ಪೆನ್ನಿನ ಶಾಯಿಗೆ ನೀರು ಶತ್ರು, ಎಣ್ಣೆ ಅಲ್ಲ. ಹೊರಗಿನ ವಿಳಾಸ ಮಾತ್ರ ಬಾಲ್ ಪೆನ್ನಿನದಾಗಿರಲಿ, ಎದೆಯ ಬೆವರಿಗೆ ಕರಗದೆ ಉಳಿಯಲು. ಮತ್ತು ಅದು ಗ್ರೀಸು ಹತ್ತಿದ ಬದಿಗಲ್ಲ, ಮೈ ಕಡೆಗೆ ತಿರುಗಿರಲಿ. ಕಾಗದ ಬರೆದುಕೊಟ್ಟ ಮೇಷ್ಟ್ರಿಗೆ ಒಂದು ಪೆನ್ನು, ವಿಳಾಸ ಬರೆದ ಅಂಗಡಿಯವನಿಗೆ ಇನ್ನೊಂದು ಅಂದರೆ ಆಯಿತು. ಎರಡನೆಯದು, ಮಡಿಸಿದ ಕಾಗದದಲ್ಲಿ ಹೊರಪದರದ ಒಂದೆರಡು ಸಾಲು ಮಾತ್ರ ಕಾಣುತ್ತದೆ, ಕೆಳಗಿನ ಪದರ ಅದರ ಮೇಲೆ ನೆರಳಾಗಿ ಗೋಜಲಾಗುತ್ತದೆ. ಹಾಗಾಗಿ ಅವನಿಗೆ ಇಡೀ ಕಥೆ ತಿಳಿಯಬಾರದು. ‘ಸಂಕ್ರಾಂತಿಗೆ ನೀನು ಊರಿಗೆ ಬರಬೇ’ ಅನ್ನುವಷ್ಟು ಕಾಣಲಿ, ಎಣ್ಣೆಯ ಅಂಚು ಅಲ್ಲಿಗೆ ನಿಲ್ಲಲಿ. ಬರಬೇಕೋ, ಬರಬೇಡವೋ? ಕವರು ಒಡೆದರೆ ಒಂದು ಕ್ಷಣದಲ್ಲಿ ಗೊತ್ತಾಗುತ್ತದೆ. ಅವನು ಒಡೆಯುವುದಿಲ್ಲ. ನಿನ್ನ ಅರ್ಧ ಪುಟದ ಒಕ್ಕಣೆಗಿಂತ ಈ ಅರ್ಧ ಪದ ಅವನನ್ನು ಹೆಚ್ಚು ಕಾಡುತ್ತದೆ, ಓದುವವರನ್ನೂ.

ಕೊನೆಯ ಭಾಗ, ಶಿವಣ್ಣ ಬೆಂಗಳೂರಿಗೆ ಹೋಗಿ ನರೆತ ಮಗನನ್ನು ಹುಡುಕಿ ಇಬ್ಬರೂ ಅಳುವುದು, ನನಗೆ ಹಿಡಿಸಲಿಲ್ಲ. ಸಿನಿಮಾದವರು ಬಿಟ್ಟುಕೊಟ್ಟ ಜಾಗ ಅದು. ಅವನು ಮಾಡಬೇಕಾದ ಕೆಲಸ ಒಂದೇ, ಅಂದು ಮಾಡಬೇಕಿದ್ದದ್ದು: ಸ್ಟ್ಯಾಂಪ್ ಹಚ್ಚಿ ಡಬ್ಬಿಗೆ ಹಾಕುವುದು. 2019ರಲ್ಲಿ ಇಪ್ಪತ್ತು ಗ್ರಾಂವರೆಗಿನ ಕವರಿಗೆ ಐದು ರೂಪಾಯಿ. ಒಂದು ಸಣ್ಣ ತೊಡಕಿದೆ, ಗ್ರೀಸು ಹಿಡಿದ ಕಾಗದಕ್ಕೆ ಗೋಂದು ಕಚ್ಚುವುದಿಲ್ಲ. ಸ್ಟ್ಯಾಂಪನ್ನು ವಿಳಾಸದ ಬದಿಯ ಒಣ ಮೂಲೆಯಲ್ಲಿ ಹಚ್ಚಬೇಕು. ಮೊದಲು ಹಚ್ಚಿದ್ದು ಉದುರಿ, ಅವನು ಬೆರಳಿನಿಂದ ಒಣ ಜಾಗ ಹುಡುಕುವುದನ್ನು ನೀನು ಬರೆಯಬಹುದು, ಅಲ್ಲಿ ಆತುರ ಬೇಡ.

ವಿಳಾಸದ ಹೋಟೆಲು ಈಗ ಇದೆಯೋ ಇಲ್ಲವೋ ಅವನಿಗೆ ಗೊತ್ತಿಲ್ಲ. ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದು ಕವರಿನ ಎಡಮೂಲೆಯಲ್ಲಿ ‘ಇಂದ’ ಅಂತ ಬರೆಯುತ್ತಾನೋ ಇಲ್ಲವೋ ಅನ್ನುವುದರ ಮೇಲೆ ನಿಂತಿದೆ. ತನ್ನ ವಿಳಾಸ ಬರೆದರೆ, ಬಟವಾಡೆ ಆಗದ ಕಾಗದ ಪೋಸ್ಟ್‌ಮ್ಯಾನಿನ ಷರಾ ಹೊತ್ತು ಅವನ ಮನೆಗೇ ವಾಪಸ್ ಬರುತ್ತದೆ, ಮತ್ತೆ ಅವನ ಕೊರಳಿಗೆ. ರಿಜಿಸ್ಟರ್ ಮಾಡಿಸಿದರೂ ಅಷ್ಟೇ, 2019ರಲ್ಲಿ ಅದಕ್ಕೆ ಕಳಿಸುವವರ ವಿಳಾಸ ಬರೆಯಲೇಬೇಕಿತ್ತು. ಏನೂ ಬರೆಯದೆ ಸಾದಾ ಅಂಚೆಗೆ ಹಾಕಿದರೆ, ಬಟವಾಡೆಯಾಗದ ಕಾಗದ ರಿಟರ್ನ್ಡ್ ಲೆಟರ್ ಆಫೀಸಿಗೆ ಹೋಗುತ್ತದೆ. ಅಲ್ಲಿನವರಿಗೆ ಕವರು ಒಡೆಯುವ ಅಧಿಕಾರವಿದೆ. ಒಳಗೆ ಕಳಿಸಿದವರ ವಿಳಾಸ ಸಿಕ್ಕರೆ ಆ ಊರಿಗೆ ತಿರುಗಿಸುತ್ತಾರೆ. ಅಂದರೆ ಮೇಷ್ಟ್ರು ಕಾಗದದ ಮೇಲ್ಗಡೆ ಊರಿನ ಹೆಸರು, ತಾಲ್ಲೂಕು ಬರೆದಿದ್ದರೆ ಅದು ಹೊರಟ ಹಳ್ಳಿಗೇ ಹೋಗಬಹುದು. ನಾನಾದರೆ ಎಡಮೂಲೆಯನ್ನು ಖಾಲಿ ಬಿಡಿಸುತ್ತೇನೆ. ತಲುಪಿತೋ ಇಲ್ಲವೋ ಅಂತ ತಿಳಿಯುವ ಹಕ್ಕು ಅವನಿಗೆ ಕೊಡಬೇಡ. ಆದರೆ ಕಥೆ ನಿನ್ನದು, ‘ಇಂದ’ ಬರೆಸಿದರೆ ಬೇರೊಂದು ಕಥೆಯಾಗುತ್ತದೆ, ಅದೂ ಕೆಟ್ಟದಾಗಿರಲಾರದು.

ಇನ್ನು ಚಿಲ್ಲರೆ ತಪ್ಪುಗಳು. 1994ರ ದೃಶ್ಯದಲ್ಲಿ ಟಿಕೆಟ್ ಮಷೀನ್ ಕಿರ್ರೆಂದಿದೆ. ನಮ್ಮ ಬಸ್ಸುಗಳಿಗೆ ಮಷೀನು ಬಂದದ್ದು ಆಮೇಲೆ, ಅಲ್ಲಿ ಟ್ರೇ ಇರಲಿ. ಸೀಟಿ ಒಂದು ಊದಿದರೆ ನಿಲ್ಲಿಸು, ಎರಡು ಊದಿದರೆ ಹೊರಡು. ನೀನು ತಿರುವುಮುರುವು ಮಾಡಿ ಹೆಂಗಸನ್ನು ಬಸ್ಸಿನ ಕೆಳಗೇ ಹಾಕುವುದರಲ್ಲಿದ್ದೀ. ಊರಿನವರು ಶಿವಣ್ಣನನ್ನು ‘ಕಂಡಕ್ಟರ್ ಸಾಹೇಬರೇ’ ಅನ್ನುವುದಿಲ್ಲ, ‘ಕಂಡಕ್ಟ್ರೇ’ ಅನ್ನುತ್ತಾರೆ, ಹಳಬರಾದರೆ ‘ಶಿವಣ್ಣೋರೆ’. ಪುಟ ಏಳರಲ್ಲಿ ಅವನ ಬ್ಯಾಡ್ಜು ಬಲಗಡೆ ಇದೆ, ಪುಟ ಹತ್ತರಲ್ಲಿ ಎಡಗಡೆ. ಜೇಬು ಎಡಕ್ಕೆ ಅಂತ ಈಗ ತೀರ್ಮಾನವಾಗಿದೆ, ಬ್ಯಾಡ್ಜನ್ನೂ ಅದರ ಮೇಲೇ ಚುಚ್ಚು.

ತಿದ್ದಿದ ಪ್ರತಿ ಕಳಿಸುವಾಗ ಅಕ್ಷರ ಇನ್ನೊಂದು ಸುತ್ತು ದೊಡ್ಡದು ಮಾಡು, ನಿನ್ನಪ್ಪನೂ ಓದಬೇಕಂತೆ.

ಇಂತಿ,
ನಿನ್ನ ಅಮ್ಮ